ಹಾಲ್ ಟಿಕೆಟ್ಟಿನ ಫೋಟೋದಿಂದ ನಾಲ್ಕು ಸಾಲು

ಹತ್ತನೇ ತರಗತಿಯ ಸಿಬಿಎಸ್‌ಇ ಹಾಲ್ ಟಿಕೆಟ್ ಬಂದ ಸಂಜೆಯೇ ಅದರ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಆಮೇಲೆ ಯಾರಾದರೊಬ್ಬರು ಅದನ್ನು ರೋಲ್ ನಂಬರ್, ವಿಷಯ, ದಿನಾಂಕ, ಸಮಯ ಎಂದು ಟೈಪ್ ಮಾಡಿ ಹಾಕುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಆ ಸಾಲುಗಳನ್ನು ನೋಡಿದ ಮೇಲೆ ಫೋಟೋವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಆದ್ದರಿಂದ ಹಾಗೆ ಬರೆಯುವವರು ಚೀಟಿಯಲ್ಲಿ ಇರುವುದನ್ನು ಇದ್ದಹಾಗೆಯೇ ಇಳಿಸಬೇಕು, ತಮಗೆ ಗೊತ್ತಿರುವುದನ್ನಲ್ಲ.

ಗಣಿತವನ್ನೇ ನೋಡಿ. ಸ್ಟ್ಯಾಂಡರ್ಡ್ ಗಣಿತದ ಕೋಡ್ 041, ಬೇಸಿಕ್ ಗಣಿತದ್ದು 241. ಎರಡೂ ಒಂದೇ ದಿನ, ಒಂದೇ ಹೊತ್ತಿಗೆ. 2025ರಲ್ಲಿ ಅದು ಮಾರ್ಚ್ 10. ಹಾಗಾಗಿ ದಿನಾಂಕ ಸರಿಯಿದ್ದರೂ ಕೋಡ್ ತಪ್ಪಿರಬಹುದು. ಹುಡುಗಿ ಸ್ಟ್ಯಾಂಡರ್ಡ್ ಓದಿದ್ದಾಳೆ, ಚೀಟಿಯಲ್ಲಿ 241 ಎಂದು ಬಂದಿದೆ ಎಂದುಕೊಳ್ಳಿ. ಅಣ್ಣ ಅಭ್ಯಾಸಬಲದಿಂದ 041 ಎಂದು ಟೈಪ್ ಮಾಡಿದರೆ, ಶಾಲೆಗೆ ಓಡಿ ಹೇಳಬೇಕಾಗಿದ್ದ ತಪ್ಪು ಮನೆಯಲ್ಲೇ ಮುಚ್ಚಿಹೋಯಿತು. ಅವಳ ಮುಂದೆ ಬರುವುದು ಚೀಟಿಯಲ್ಲಿರುವ ಪತ್ರಿಕೆ, ಅಣ್ಣನ ಸಾಲಿನಲ್ಲಿರುವುದಲ್ಲ.

ಫೋನಿನಿಂದಲೇ ಅಕ್ಷರ ಎತ್ತಿಸಿದರೂ ತೊಂದರೆ ತಪ್ಪದು. ಕೋಷ್ಟಕವನ್ನು ಅದು ಕೆಲವೊಮ್ಮೆ ಅಡ್ಡಕ್ಕೆ ಓದದೆ ಕೆಳಮುಖವಾಗಿ ಓದಿ, ಮೊದಲು ಕೋಡುಗಳನ್ನೆಲ್ಲ, ಆಮೇಲೆ ದಿನಾಂಕಗಳನ್ನೆಲ್ಲ ಕೊಡುತ್ತದೆ. ಜೋಡಿಸುವಾಗ ಒಂದು ಸಾಲು ಜಾರಿದರೆ ಮುಂದಿನವೆಲ್ಲ ಜಾರುತ್ತವೆ. ಮಸುಕಾದ ಫೋಟೋದಲ್ಲಿ 085 ಮತ್ತು 086 ಒಂದೇ ಥರ ಕಾಣುತ್ತವೆ. ಮೊದಲನೆಯದು ಹಿಂದಿ ಬಿ ಕೋರ್ಸ್, ಎರಡನೆಯದು ವಿಜ್ಞಾನ. ಪಕ್ಕದಲ್ಲಿ ಅಚ್ಚಾಗಿರುವ ವಿಷಯದ ಹೆಸರನ್ನೂ ಇಳಿಸಿಕೊಂಡರೆ ಗೊಂದಲ ಅಲ್ಲೇ ಬಯಲಾಗುತ್ತದೆ. ಎಕ್ಸೆಲ್‌ಗೆ ಹಾಕಿದರಂತೂ ಎದುರಿನ ಸೊನ್ನೆಯೇ ಮಾಯ: ಕನ್ನಡದ 015 ಬರೀ 15 ಆಗಿ ಕೂರುತ್ತದೆ. 10/03 ಎಂಬುದು ಅಮೆರಿಕದ ಲೆಕ್ಕಕ್ಕೆ ಇಟ್ಟ ಕಂಪ್ಯೂಟರಿನಲ್ಲಿ ಅಕ್ಟೋಬರ್ 3 ಆಗುತ್ತದೆ. ತಿಂಗಳನ್ನು ಅಕ್ಷರದಲ್ಲಿ, ಜೊತೆಗೆ ವಾರವನ್ನೂ ಬರೆದರೆ ಕ್ಯಾಲೆಂಡರಿನೊಂದಿಗೆ ತಾಳೆ ನೋಡಬಹುದು.

ಒಂದು ಪತ್ರಿಕೆಗೆ ಇಷ್ಟು ಸಾಕು:

```
ವಿಷಯ: ಗಣಿತ ಸ್ಟ್ಯಾಂಡರ್ಡ್
ಕೋಡ್: 041
ದಿನಾಂಕ: 10 ಮಾರ್ಚ್ 2025, ಸೋಮವಾರ
ಗೇಟಿನೊಳಗೆ: ಬೆಳಿಗ್ಗೆ 10:00ರೊಳಗೆ
ಬರೆಯುವ ಸಮಯ: 10:30 – 1:30
```

ಸಮಯಕ್ಕೆ ಎರಡು ಸಾಲು ಬೇಕೇ ಬೇಕು. ‘ಪರೀಕ್ಷೆ 10:30ಕ್ಕೆ’ ಎಂದಷ್ಟೇ ಬರೆದರೆ ಅಪ್ಪ 10:15ಕ್ಕೆ ಗೇಟಿನ ಮುಂದೆ ಬೈಕ್ ನಿಲ್ಲಿಸುತ್ತಾರೆ, ಅಷ್ಟರಲ್ಲಿ ಗೇಟು ಹಾಕಿರುತ್ತದೆ. ರೋಲ್ ನಂಬರಿಗೆ ಎಂಟು ಅಂಕಿ. ಏಳೇ ಬಂದಿದ್ದರೆ ಎಣಿಸಿದಾಗಲೇ ಗೊತ್ತಾಗುತ್ತದೆ. ಓದಲಾಗದ ಅಂಕಿಗೆ ಊಹೆಯ ಬದಲು ಪ್ರಶ್ನೆಚಿಹ್ನೆ ಹಾಕಿ, ಚೀಟಿ ಕೈಯಲ್ಲಿರುವವರನ್ನೇ ಕೇಳಬೇಕು. ಟೈಪ್ ಮಾಡಿದವರು ಒಬ್ಬರು, ಚೀಟಿ ಹಿಡಿದು ಗಟ್ಟಿಯಾಗಿ ಓದುವವರು ಇನ್ನೊಬ್ಬರು ಆಗಿದ್ದರೆ ಈ ತಾಳೆಗೆ ಐದು ನಿಮಿಷವೂ ಹಿಡಿಯುವುದಿಲ್ಲ.