ತಪ್ಪು ಸುದ್ದಿ ಹೇಳಿದ ಮೇಲೆ ಬರೆಯುವ ಪತ್ರ

ನಮ್ಮ ಸಂಘದ ಮನೆಗಳಲ್ಲಿ ಈಗ ‘ಮ್ಯಾನೇಜರ್’ ಆಗಿರುವ ಮಕ್ಕಳಿಗೇನೂ ಕೊರತೆಯಿಲ್ಲ. ಹತ್ತಿಪ್ಪತ್ತು ಜನರನ್ನು ನೋಡಿಕೊಳ್ಳುವ ಈ ಹುಡುಗ ಹುಡುಗಿಯರು ಲೆಕ್ಕಪತ್ರದಲ್ಲಿ, ಕಂಪ್ಯೂಟರಿನಲ್ಲಿ ಬಲು ಚುರುಕು. ಆದರೆ ಒಂದು ತಪ್ಪನ್ನು ಒಪ್ಪಿಕೊಂಡು ನಾಲ್ಕು ಸಾಲು ಬರೆಯಬೇಕಾಗಿ ಬಂದಾಗ ಮಾತ್ರ ಪೆನ್ನು, ಅಂದರೆ ಈಗಿನ ಕಾಲದಲ್ಲಿ ಬೆರಳು, ಮುಂದಕ್ಕೆ ಹೋಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತನ್ನು ಹಿಂದಕ್ಕೆ ತರಲಾಗದು ನಿಜ. ಆದರೆ ಅದರಿಂದ ಆಗುತ್ತಿರುವ ನಷ್ಟವನ್ನು ಅಲ್ಲಿಗೇ ನಿಲ್ಲಿಸಬಹುದು. ಅದು ಹೇಗೆಂಬುದನ್ನು ಈ ಸಲ ಒಂದು ನಿಜವಾದ ಪತ್ರದ ಮೂಲಕವೇ ನೋಡೋಣ.

ಪತ್ರ ಬರೆದವನು ನನ್ನ ತಂಗಿಯ ಮಗ. ಇಲ್ಲೇ ಪುಣೆಯ ಒಂದು ಕಂಪನಿಯಲ್ಲಿ 14 ಜನರ ತಂಡಕ್ಕೆ ಮ್ಯಾನೇಜರು. ಅವರಿಗೆಲ್ಲ ವಾರದಲ್ಲಿ ಬುಧವಾರ ಮತ್ತು ಶುಕ್ರವಾರ ಮನೆಯಿಂದಲೇ ಕೆಲಸ ಮಾಡುವ ಅನುಕೂಲವಿತ್ತು. ಒಂದು ಸೋಮವಾರ ಬೆಳಗ್ಗೆ ದೊಡ್ಡ ಅಧಿಕಾರಿಗಳ ಸಭೆಯಲ್ಲಿ ಪರದೆಯ ಮೇಲೆ ಒಂದು ಹಾಳೆ ಬಂತು: ಜುಲೈ 1ರಿಂದ ಐದೂ ದಿನ ಆಫೀಸು. ಇವನು ಮಧ್ಯಾಹ್ನ 3 ಗಂಟೆಗೆ ತನ್ನ ತಂಡವನ್ನು ಕೂರಿಸಿಕೊಂಡು ಅದನ್ನೇ ಹೇಳಿಬಿಟ್ಟ. ಸಂಜೆ ಇ-ಮೇಲಿನಲ್ಲೂ ಕಳಿಸಿದ. ಗುರುವಾರ ಸಿಬ್ಬಂದಿ ವಿಭಾಗದವರು, ಅದೇ ಎಚ್.ಆರ್.ನವರು, ಕರೆದು, “ಅದು ಬರೀ ಪ್ರಸ್ತಾವ. ಅದೂ ಬೇರೆ ವಿಭಾಗದ್ದು. ನಿಮ್ಮ ತಂಡಕ್ಕೆ ಏನೂ ಬದಲಾಗಿಲ್ಲ” ಎಂದರು.

ಈ ಮೂರು ದಿನಗಳಲ್ಲಿ ಜನ ಸುಮ್ಮನೆ ಕೂತಿರಲಿಲ್ಲ. ಒಬ್ಬ ಹೆಣ್ಣುಮಗಳು ಮಗುವನ್ನು ಐದು ದಿನವೂ ಬಿಡಲು ಪಾಲನಾಗೃಹಕ್ಕೆ 8,000 ರೂಪಾಯಿ ಮುಂಗಡ ಕಟ್ಟಿದ್ದಳು. ಸಾತಾರದಿಂದ ಓಡಾಡುತ್ತಿದ್ದ ಹುಡುಗನೊಬ್ಬ ಪಿ.ಜಿ. ಕೋಣೆಗೆ 5,000 ಕೊಟ್ಟಿದ್ದ. ಇನ್ನೊಬ್ಬರು ತಾಯಿಯ ಬುಧವಾರದ ಫಿಸಿಯೋಥೆರಪಿ ಸಮಯವನ್ನು ಬಿಟ್ಟುಕೊಟ್ಟಿದ್ದರು.

ಅಂದು ರಾತ್ರಿ 10 ಗಂಟೆಗೆ ನನ್ನ ಫೋನಿಗೆ ಅವನ ಕರಡು ಬಂತು. “ದೊಡ್ಡಮ್ಮ, ನೀವು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವರು, ಇದನ್ನ ಸ್ವಲ್ಪ ನೆಟ್ಟಗೆ ಮಾಡಿಕೊಡಿ” ಎಂದು ಮೇಲೊಂದು ಸಾಲು. ಕರಡು ಹೀಗಿತ್ತು:

“ಹಾಯ್ ಆಲ್, ಸೋಮವಾರದ ವಿಷಯದಲ್ಲಿ ಸ್ವಲ್ಪ ಕನ್‌ಫ್ಯೂಷನ್ ಆಗಿದೆ. ಎಚ್.ಆರ್.ನವರು ಸರಿಯಾಗಿ ಹೇಳಿರಲಿಲ್ಲ. ಸದ್ಯಕ್ಕೆ ಅದನ್ನ ಇಗ್ನೋರ್ ಮಾಡಿ. ಯಾರಿಗಾದ್ರೂ ತೊಂದರೆ ಆಗಿದ್ರೆ ಸಾರಿ. ಯಾರಿಗೂ ಲಾಸ್ ಆಗದ ಹಾಗೆ ನೋಡ್ಕೋತೀನಿ. ಇನ್ಮುಂದೆ ಹೀಗಾಗಲ್ಲ. ರಿಯಲೀ ವೆರಿ ಸಾರಿ.”

ಇಂಗ್ಲಿಷನ್ನು ನೆಟ್ಟಗೆ ಮಾಡುವುದು ಐದು ನಿಮಿಷದ ಕೆಲಸ. ನೆಟ್ಟಗಾಗಬೇಕಾದದ್ದು ಇಂಗ್ಲಿಷ್ ಅಲ್ಲ. ಫೋನು ಮಾಡಿ ಒಂದೊಂದೇ ಸಾಲು ಹಿಡಿದು ಮಾತಾಡಿದೆವು.

ಮೊದಲ ಸಾಲು ‘ಕನ್‌ಫ್ಯೂಷನ್ ಆಗಿದೆ’. ನಮ್ಮ ಮನೆಗಳಲ್ಲಿ ಮಕ್ಕಳು ಲೋಟ ಒಡೆದಾಗ ಏನೆನ್ನುತ್ತಾರೆ? “ಲೋಟ ಒಡೆದುಹೋಯ್ತು” ಎನ್ನುತ್ತಾರೆ, “ಒಡೆದೆ” ಎನ್ನುವುದಿಲ್ಲ. ಲೋಟ ತಾನೇ ಮೇಜಿನಿಂದ ಹಾರಿತೇನೋ ಎಂಬಂತೆ! ‘ಆಗಿದೆ’ ಎಂಬುದೂ ಅಂಥದ್ದೇ ಮಾತು. ಅದರಲ್ಲಿ ಮಾಡಿದವರು ಯಾರೂ ಇಲ್ಲ. ಅಷ್ಟೇ ಅಲ್ಲ, ಅದು ನಿಜವೂ ಅಲ್ಲ. ತಂಡದಲ್ಲಿ ಯಾರಿಗೂ ಗೊಂದಲವಾಗಿರಲಿಲ್ಲ. ಇವನು ಹೇಳಿದ್ದನ್ನು ಅವರು ಸರಿಯಾಗಿಯೇ ಅರ್ಥ ಮಾಡಿಕೊಂಡು, ಅದನ್ನು ನಂಬಿ ದುಡ್ಡು ಕಟ್ಟಿದ್ದರು. ‘ನಾನು ಹೇಳಿದ್ದು ತಪ್ಪು’ ಎಂದರೆ ಮಾತ್ರ ಅವರ ನಂಬಿಕೆಗೆ ಮರ್ಯಾದೆ.

ಎರಡನೆಯದು ಎಚ್.ಆರ್. ಮೇಲಿನ ದೂರು. “ಆ ಹಾಳೆಯ ಮೇಲೆ ಪ್ರಸ್ತಾವ ಅಂತ ಬರೆದಿತ್ತಾ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇತ್ತು ದೊಡ್ಡಮ್ಮ” ಎಂದ. ಹಾಗಿದ್ದರೆ ಆ ಸಾಲು ನಿಲ್ಲುವುದಿಲ್ಲ. ಇ-ಮೇಲ್ ಎಂಬುದು ಕೈಯಿಂದ ಕೈಗೆ ಹೋಗುವ ವಸ್ತು, ನಾಳೆ ಎಚ್.ಆರ್.ನವರ ಕೈಗೂ ಹೋಗುತ್ತದೆ. ಆಮೇಲೆ ತಪ್ಪು ಯಾರದು ಎಂಬ ಜಗಳ ಶುರುವಾಗಿ, ತಂಡಕ್ಕೆ ಬೇಕಾದ ಉತ್ತರ ಮೂಲೆಗೆ ಬೀಳುತ್ತದೆ. ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು, ಅದರಲ್ಲಿ ತನ್ನ ಪಾತ್ರವಷ್ಟೇ ಇರಬೇಕು. ಎರಡನೆಯ ವಾಕ್ಯಕ್ಕೆ ಹೋದರೆ ಕಾರಣ ನೆಪವಾಗುತ್ತದೆ.

‘ಇಗ್ನೋರ್ ಮಾಡಿ’ ಎಂದರೆ ಏನು ಮಾಡಬೇಕು? ಬರುವ ಬುಧವಾರ ಮನೆಯಲ್ಲಿರಬೇಕೋ, ಬಸ್ಸು ಹತ್ತಬೇಕೋ? ಜುಲೈ 1ರಂದು? ಈ ಪತ್ರ ಬರೆಯುವುದೇ ಆ ಪ್ರಶ್ನೆಗೆ ಉತ್ತರಿಸಲು, ಆದ್ದರಿಂದ ಉತ್ತರ ಮೊದಲ ಸಾಲಿನಲ್ಲೇ ಬರಬೇಕು. ಫೋನಿನ ಪರದೆಯ ಮೇಲೆ ಮೊದಲು ಕಾಣುವುದು ವಿಷಯದ ಸಾಲು ಮತ್ತು ಪತ್ರದ ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ಬರೀ ‘ಸಾರಿ’ ಕಂಡರೆ ಓದುವವರ ಎದೆ ಢವಗುಟ್ಟುತ್ತದೆ, ಸಂಗತಿ ಮಾತ್ರ ತಿಳಿಯುವುದಿಲ್ಲ.

‘ತೊಂದರೆ ಆಗಿದ್ರೆ’ ಎಂಬುದು ರೈಲ್ವೆ ನಿಲ್ದಾಣದ ಧ್ವನಿವರ್ಧಕದ ಭಾಷೆ. ಗಾಡಿ ಎರಡು ಗಂಟೆ ತಡವಾದಾಗಲೂ ಅದೇ ರಾಗದಲ್ಲಿ ವಿಷಾದಿಸುತ್ತದೆ, ಕೇಳುವವರು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಮೂವರಿಗೆ ತೊಂದರೆಯಾಗಿದೆಯೆಂದು ಇವನಿಗೆ ಗೊತ್ತೇ ಇದೆ. ಗೊತ್ತಿರುವುದಕ್ಕೆ ‘ಆಗಿದ್ದರೆ’ ಸೇರಿಸಿದರೆ ಅವರ ಕಷ್ಟವನ್ನು ಅನುಮಾನಿಸಿದಂತೆ. ಹಾಗೆಂದು ಅವರ ಹೆಸರನ್ನು ಪತ್ರದಲ್ಲಿ ಬರೆಯಲೂಬಾರದು. ಯಾರ ಮಗು ಎಲ್ಲಿರುತ್ತದೆ, ಯಾರ ತಾಯಿಗೆ ಕಾಯಿಲೆ ಎಂಬುದು 14 ಜನರಿಗೆ ಸಾರುವ ವಿಷಯವಲ್ಲ. ಪತ್ರ ಹೊರಡುವ ಮೊದಲು ಆ ಮೂವರಿಗೆ ಬೇರೆಬೇರೆಯಾಗಿ ಫೋನು ಮಾಡಬೇಕು.

ಎಲ್ಲಕ್ಕಿಂತ ಅಪಾಯದ ಸಾಲು ‘ಯಾರಿಗೂ ಲಾಸ್ ಆಗದ ಹಾಗೆ ನೋಡ್ಕೋತೀನಿ’ ಎಂಬುದು. ಕೇಳಲು ತುಂಬ ಸೊಗಸು. ಆದರೆ ಕಂಪನಿಯ ಹಣ ಕೊಡಿಸುವ ಅಧಿಕಾರ ಇವನಿಗಿಲ್ಲ. ಖಚಿತವಾಗದ್ದನ್ನು ಖಚಿತವೆಂದು ಹೇಳಿದ್ದೇ ಸೋಮವಾರದ ತಪ್ಪು. ಕ್ಷಮೆ ಕೇಳುವ ಪತ್ರದಲ್ಲೇ ಅದನ್ನು ಇನ್ನೊಮ್ಮೆ ಮಾಡಿದರೆ ಮುಂದಿನ ವಾರ ಕ್ಷಮೆಗೊಂದು ಕ್ಷಮೆ ಬರೆಯಬೇಕಾದೀತು. ‘ಕೇಳುತ್ತೇನೆ, ಇಂಥ ದಿನ ಉತ್ತರ ತಿಳಿಸುತ್ತೇನೆ’ ಎಂಬುದಷ್ಟೇ ಅವನ ಕೈಯಲ್ಲಿರುವುದು.

‘ಇನ್ಮುಂದೆ ಹೀಗಾಗಲ್ಲ’ ಎಂಬುದಕ್ಕೂ ಕಾಲು ಬೇಕು. ಹೇಗೆ ಆಗುವುದಿಲ್ಲ? ಕೆಲಸದ ದಿನ, ರಜೆ, ಸಂಬಳ ಇವುಗಳ ಬಗ್ಗೆ ಎಚ್.ಆರ್.ನ ಲಿಖಿತ ಮಾತು ಕೈಗೆ ಬಂದ ಮೇಲೇ ಹೇಳುವುದು ಎಂದು ಗೊತ್ತುಮಾಡಿಕೊಂಡ. ಇದನ್ನು ತಂಡದವರು ಮುಂದೆ ಪರೀಕ್ಷಿಸಿ ನೋಡಬಹುದು. ಕೊನೆಯ ‘ವೆರಿ ಸಾರಿ’ಯನ್ನು ಹೊಡೆದು ಹಾಕಿದೆವು. ಕ್ಷಮೆ ಒಂದು ಸಲ ಸಾಕು. ಎರಡು ಮೂರು ಸಲ ಕೇಳಿದರೆ, ನಷ್ಟವಾದವರೇ “ಪರವಾಗಿಲ್ಲ ಸರ್” ಎಂದು ಇವನನ್ನು ಸಮಾಧಾನ ಮಾಡಬೇಕಾಗುತ್ತದೆ.

ರಾತ್ರಿಯೇ ಕಳಿಸಿಬಿಡುವ ಆತುರ ಅವನಿಗೆ. ಆದರೆ ಗುರುವಾರ ಅವನಿಗೆ ತಿಳಿದದ್ದೂ ಬಾಯಿಮಾತೇ. ಬೆಳಗ್ಗೆ ಎಚ್.ಆರ್.ಗೆ ಎರಡು ಪ್ರಶ್ನೆ ಬರೆದು ಕೇಳಿದ: ಈಗಿನ ನಿಯಮ ಹಾಗೇ ಇದೆಯೇ, ಎಲ್ಲಿಯವರೆಗೆ? ನಿಯಮ ಹಾಗೇ ಇದೆ, ಎಲ್ಲಿಯವರೆಗೆ ಎಂದು ಹೇಳಲಾರೆವು, ಬದಲಾದರೆ ಒಂದು ತಿಂಗಳು ಮೊದಲೇ ತಿಳಿಸುತ್ತೇವೆ ಎಂದು ಉತ್ತರ ಬಂತು. ಮೂವರಿಗೂ ಫೋನು ಮಾಡಿದ ಮೇಲೆ ಶುಕ್ರವಾರ 11 ಗಂಟೆಗೆ ಪತ್ರ ಹೊರಟಿತು. ಇಂಗ್ಲಿಷಿನಲ್ಲಿದ್ದುದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

“ವಿಷಯ: ತಿದ್ದುಪಡಿ – ಬುಧವಾರ, ಶುಕ್ರವಾರ ಮನೆಯಿಂದ ಕೆಲಸ ಮುಂದುವರಿಯುತ್ತದೆ

ಎಲ್ಲರಿಗೂ ನಮಸ್ಕಾರ.

ಜುಲೈ 1ರಿಂದ ಐದೂ ದಿನ ಆಫೀಸಿಗೆ ಬರಬೇಕೆಂದು ಸೋಮವಾರ ನಾನು ಹೇಳಿದ್ದು ತಪ್ಪು. ನಮ್ಮ ತಂಡಕ್ಕೆ ಯಾವ ಬದಲಾವಣೆಯೂ ಇಲ್ಲ. ಎಚ್.ಆರ್. ವಿಭಾಗ ಇದನ್ನು ಇಂದು ಬೆಳಗ್ಗೆ ಬರಹದಲ್ಲಿ ಖಚಿತಪಡಿಸಿದೆ.

ಒಂದು ಪ್ರಸ್ತಾವವನ್ನು ತೀರ್ಮಾನವೆಂದು ತಿಳಿದು, ವಿಚಾರಿಸದೆ ನಿಮಗೆ ಹೇಳಿದೆ. ನನ್ನ ಮಾತನ್ನು ನಂಬಿ ನಿಮ್ಮಲ್ಲಿ ಕೆಲವರು ಹಣ ಕಟ್ಟಿದ್ದೀರಿ, ಮನೆಯ ಏರ್ಪಾಡುಗಳನ್ನು ಬದಲಿಸಿದ್ದೀರಿ. ಇದಕ್ಕಾಗಿ ಕ್ಷಮೆ ಕೇಳುತ್ತೇನೆ.

ಹೀಗೆ ಖರ್ಚಾಗಿದ್ದರೆ ಸೋಮವಾರದೊಳಗೆ ನನಗೊಬ್ಬನಿಗೇ ತಿಳಿಸಿ. ಕಂಪನಿ ಅದನ್ನು ಭರಿಸುತ್ತದೆಂದು ಮಾತು ಕೊಡುವ ಅಧಿಕಾರ ನನಗಿಲ್ಲ. ನಾನು ಕೇಳುತ್ತೇನೆ, ಉತ್ತರ ಏನೇ ಇರಲಿ ಬುಧವಾರ ತಿಳಿಸುತ್ತೇನೆ.

ಈ ನಿಯಮ ಮುಂದೆ ಬದಲಾಗುವುದಿಲ್ಲವೆಂದು ಹೇಳಲಾರೆ. ಬದಲಾದರೆ ಒಂದು ತಿಂಗಳು ಮೊದಲು ತಿಳಿಸುವುದಾಗಿ ಎಚ್.ಆರ್. ಹೇಳಿದೆ. ಕೆಲಸದ ದಿನ, ರಜೆ, ಸಂಬಳದ ವಿಷಯಗಳನ್ನು ಇನ್ನು ಮುಂದೆ ಅವರ ಬರಹದ ಪ್ರತಿಯೊಂದಿಗೇ ನಿಮಗೆ ಕಳಿಸುತ್ತೇನೆ.”

ಸೋಮವಾರದ ಇ-ಮೇಲ್ ಯಾರಿಗೆಲ್ಲ ಹೋಗಿತ್ತೋ ಅವರಿಗೆಲ್ಲ ಇದೂ ಹೋಯಿತು, ಅಂದು ರಜೆಯಲ್ಲಿದ್ದವರಿಗೂ. ಮೊಬೈಲಿನ ಗುಂಪಿನಲ್ಲಿ ‘ಸೋಮವಾರದ ಸುದ್ದಿ ತಪ್ಪು, ಇ-ಮೇಲ್ ನೋಡಿ’ ಎಂದು ಒಂದೇ ಸಾಲು ಹಾಕಿದ. ಗುಂಪಿನ ಮಾತು ಸಂಜೆಯೊಳಗೆ ಮೇಲಕ್ಕೆ ಸರಿದು ಮರೆಯಾಗುತ್ತದೆ. ಇ-ಮೇಲಾದರೆ ಹುಡುಕಿದಾಗ ಸಿಗುತ್ತದೆ.

ಮುಂದೇನಾಯಿತು ಎಂದು ನೀವು ಕೇಳುವುದು ಸಹಜ. ಸಾತಾರದ ಹುಡುಗನಿಗೆ ಕೋಣೆಯ ಮಾಲೀಕರು ಹಣ ವಾಪಸು ಕೊಟ್ಟರು. ಪಾಲನಾಗೃಹದವರು ಕೊಡಲಿಲ್ಲ, ಮುಂದಿನ ತಿಂಗಳುಗಳ ಶುಲ್ಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತೇವೆಂದರು. ಫಿಸಿಯೋಥೆರಪಿಯ ಬುಧವಾರ ಬೇರೆಯವರ ಪಾಲಾಗಿತ್ತು, ಆ ತಾಯಿಗೆ ಶನಿವಾರ ಸಿಕ್ಕಿತು. ಕಂಪನಿಯಿಂದ ಬಂದ ಉತ್ತರ ‘ಇಂಥ ಖರ್ಚಿಗೆ ನಿಯಮದಲ್ಲಿ ಅವಕಾಶವಿಲ್ಲ’ ಎಂಬುದು. ಹೇಳಿದ ಬುಧವಾರವೇ ಅವನು ಅದನ್ನು ಮೂವರಿಗೂ ತಿಳಿಸಿದ. ಪತ್ರ ಎಷ್ಟೇ ಚೆನ್ನಾಗಿದ್ದರೂ ಹೋದದ್ದನ್ನೆಲ್ಲ ತಂದುಕೊಡಲಾರದು. ಆದರೆ ಆ ಶುಕ್ರವಾರ 11 ಗಂಟೆಯ ನಂತರ, ತಪ್ಪು ಸುದ್ದಿ ನಂಬಿ ಇನ್ನೊಂದು ರೂಪಾಯಿಯನ್ನೂ ಯಾರೂ ಕಟ್ಟಲಿಲ್ಲ.