ಫೋನಿನ್ಯಾಗ ಮಾರೋ ಗ್ಯಾರಂಟಿ

ಅಕ್ಕಂದಿರ, ಈ ಶೇರಿನ ಟಿಪ್ಸ್ ಮಾರೋರು ರೊಕ್ಕ ತಗೊಳ್ಳುವಾಗ "ತಿಂಗಳಿಗೆ ನೂರಕ್ಕ ಹತ್ತು ಗ್ಯಾರಂಟಿ ಮೇಡಂ" ಅಂತಾರ. ನಾವು ಬ್ಯಾಡ ಅಂದಾಗ "ರಿಫಂಡ್ ಇಲ್ಲ, ಶರತ್ತಿನ್ಯಾಗ ಬರದೈತಿ" ಅಂತಾರ. ಎರಡೂ ಮಾತು ನಡಿಯಂಗಿಲ್ಲ. ಸೆಬಿ ನೋಂದಣಿ ಇದ್ದ ರಿಸರ್ಚ್ ಅನಾಲಿಸ್ಟ್ ಲಾಭದ ಗ್ಯಾರಂಟಿ ಕೊಡೋ ಹಂಗಿಲ್ಲ. ನಾವು ನಡುವ ಬಿಟ್ರ ಉಳಿದ ದಿನದ ಫೀ ವಾಪಸ್ ಕೊಡಬೇಕು.

ನಮ್ಮ ಓಣಿಯ ವೈನಿಯೊಬ್ಬರು ಆರು ತಿಂಗಳಿಗಂತ 12,000 ರೂಪಾಯಿ ಕಟ್ಟಿದ್ರು. ಎರಡು ತಿಂಗಳಿಗೇ ಸಾಕಾತು. ಅಂದ್ರ ಉಳಿದ ನಾಕು ತಿಂಗಳಿನ 8,000 ಅವರದ. ಟಿಪ್ಸ್ ನಂಬಿ ಶೇರಿನ್ಯಾಗ ಕಳಕೊಂಡಿದ್ದು ಬ್ಯಾರೆ ಲೆಕ್ಕ, ಅದು ಈ ರಿಫಂಡಿನ್ಯಾಗ ಬರಂಗಿಲ್ಲ.

ಮನ್ಯಾಗ "ಆಸೆ ಪಟ್ಟಿ, ಅನುಭವಿಸು" ಅಂತಾರ. ಯಾಕ ಅನುಭವಿಸಬೇಕು? ಸುಳ್ಳು ಹೇಳಿದವರು ಅವರು. ಆದ್ರ ಫೋನಿನ್ಯಾಗ ಜಗಳಾಡಬ್ಯಾಡ್ರಿ. "ದೊಡ್ಡ ಪ್ಯಾಕೇಜ್ ತಗೋರಿ, ನಷ್ಟ ತುಂಬಿ ಕೊಡ್ತೀವಿ" ಅಂತ ಮತ್ತ ರೊಕ್ಕ ಕೀಳತಾರ. ಈಮೇಲ್ ಬರೀರಿ: ಇವತ್ತಿನಿಂದ ಸೇವಾ ಬ್ಯಾಡ, ಉಳಿದ ಫೀ ಇಷ್ಟು, ವಾಪಸ್ ಹಾಕ್ರಿ. ಅವರು ಸುಮ್ಮನ ಕುಂತ್ರ ರಶೀದಿ, ಗ್ಯಾರಂಟಿ ಅಂದ ವಾಟ್ಸಾಪ್ ಸಂದೇಶ ಹಚ್ಚಿ scores.sebi.gov.in ನ್ಯಾಗ ದೂರು ಹಾಕ್ರಿ. ಉತ್ತರ ಕೊಡಾಕ ಅವರಿಗೆ 21 ದಿನ.

ಇಂಥವರ ನೋಂದಣಿ ನಂಬರ್ INH ಅಂತ ಶುರು ಆಗತೈತಿ. ಸೆಬಿ ವೆಬ್‌ಸೈಟಿನ್ಯಾಗ ತಾಳೆ ನೋಡ್ರಿ. ಅಲ್ಲಿ ಹೆಸರೇ ಇಲ್ಲಂದ್ರ ಅದು ಕಳ್ಳ ಧಂದೆ. ತಡ ಮಾಡದ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ.