ಅಂಗಿ ಬದಲಾಯಿತು, ಬ್ಯಾಡ್ಜ್ ಎಲ್ಲಿ ಹೋಯಿತು?

ಮಕ್ಕಳೇ, ಈ ವಾರ ನಾನೇ ಪೇಚಿಗೆ ಸಿಕ್ಕಿದ ಕಥೆ ಹೇಳುತ್ತೇನೆ.

ಅವಳಿ ಅಕ್ಕತಂಗಿಯರ ಕಥೆಯೊಂದಕ್ಕೆ ಚಿತ್ರ ಬರೆದಿದ್ದೆ. ಇಬ್ಬರದೂ ಒಂದೇ ಮುಖ, ಒಂದೇ ಜಡೆ. ಯಾರು ಚಿನ್ನಿ, ಯಾರು ಮುನ್ನಿ ಎಂದು ಗೊತ್ತಾಗುವುದು ಎದೆಯ ಮೇಲಿನ ಹೆಸರಿನ ಬ್ಯಾಡ್ಜಿನಿಂದ ಮಾತ್ರ. ಚಿತ್ರ ಮುಗಿದ ಮೇಲೆ ನೋಡಿದರೆ, ಕಥೆಯಲ್ಲಿರುವುದು ಕಾಲರ್ ಅಂಗಿಯಲ್ಲ, ದುಂಡು ಕೊರಳಿನ ಚೂಡಿದಾರ್ ಟಾಪ್! ಗಡಿಬಿಡಿಯಲ್ಲಿ ಅಂಗಿಯನ್ನು ರಬ್ಬರಿನಿಂದ ಅಳಿಸಿ, ಟಾಪ್ ಬರೆದು ಕಳಿಸಿಬಿಟ್ಟೆ. ಅಚ್ಚಾದ ಮೇಲೆ ಓದುಗ ಹುಡುಗಿಯೊಬ್ಬಳ ಪತ್ರ ಬಂತು: "ಮಾಮಾ, ಇವರಲ್ಲಿ ಚಿನ್ನಿ ಯಾರು? ಐಡಿ ಕಾರ್ಡ್ ಯಾಕೆ ಗಾಳಿಯಲ್ಲಿ ತೇಲುತ್ತಿದೆ?"

ನೋಡಿದೆ. ಅವಳು ಹೇಳಿದ್ದು ನಿಜ. ಅಂಗಿಯ ಜೊತೆಗೆ ಬ್ಯಾಡ್ಜುಗಳೂ ಅಳಿಸಿಹೋಗಿದ್ದವು. ಕಾರ್ಡಿನ ಟ್ಯಾಗ್ ಎದೆಯ ಮಧ್ಯದಿಂದ ಇದ್ದಕ್ಕಿದ್ದಂತೆ ಶುರುವಾಗಿತ್ತು. ಪುಣ್ಯಕ್ಕೆ ಮೊದಲ ಚಿತ್ರದ ಜೆರಾಕ್ಸ್ ಇತ್ತು. ಕಥೆಯ ಎರಡನೇ ಕಂತಿಗಾಗಿ ಅದರ ಮೇಲೆಯೇ ಮತ್ತೆ ಕೂತೆ.

ಈ ಸಲ ಅಳಿಸುವ ಮೊದಲೇ ಟ್ರೇಸಿಂಗ್ ಪೇಪರ್ ಹಾಸಿದೆ. ಟ್ಯಾಗ್, ಕೊಂಡಿ, ಕಾರ್ಡ್, ಬ್ಯಾಡ್ಜ್ ಇಷ್ಟನ್ನು ಮಾತ್ರ ಎಳೆದುಕೊಂಡೆ. ಜೊತೆಗೆ ಗಲ್ಲ ಮತ್ತು ಎರಡು ಹೆಗಲಿನ ತುದಿಗಳನ್ನೂ ಗುರುತಿಸಿಕೊಂಡೆ. ಮುಖ ಹೆಗಲುಗಳು ಬದಲಾಗುವುದಿಲ್ಲವಲ್ಲ, ಆದ್ದರಿಂದ ಹೊಸ ಟಾಪ್ ಬರೆದ ಮೇಲೆ ಟ್ರೇಸಿಂಗ್ ಪೇಪರನ್ನು ಅದೇ ಜಾಗಕ್ಕೆ ಕೂರಿಸಲು ಆ ಗುರುತುಗಳೇ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಟ್ರೇಸಿಂಗ್ ಪೇಪರನ್ನು ಬೋರಲು ಹಾಕಿ ಉಜ್ಜಿದರೆ ಚಿತ್ರ ತಿರುಗುಮುರುಗಾಗಿ ಮೂಡುತ್ತದೆ. ಹೆಸರೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತದೆ, ಎಡ ಎದೆಯ ಬ್ಯಾಡ್ಜ್ ಬಲಕ್ಕೆ ಹೋಗುತ್ತದೆ. ಪೇಪರಿನ ಹಿಂಬದಿಗೆ ಪೆನ್ಸಿಲ್ ಸೀಸ ಬಳಿದು, ಮುಂಬದಿಯಿಂದ ಗೆರೆಯ ಮೇಲೆ ಗೆರೆ ಎಳೆಯಬೇಕು. ಚಿನ್ನಿ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾಳೆ, ಹಾಗಾಗಿ ಅವಳ ಎಡ ಎದೆ ನಮಗೆ ಬಲಗಡೆ ಎಂಬುದೂ ನೆನಪಿರಲಿ.

ಆದರೆ ಇದ್ದದ್ದನ್ನು ಇದ್ದ ಹಾಗೇ ಮತ್ತೆ ಇಳಿಸಿದರೂ ಚಿತ್ರ ಸರಿಯಾಗಲಿಲ್ಲ. ಏಕೆಂದರೆ ಕಾರ್ಡು ಮತ್ತು ಬ್ಯಾಡ್ಜು ಒಂದೇ ಜಾತಿಯವಲ್ಲ. ಕಾರ್ಡು ತೂಗುವುದು ಕೊರಳಿನಿಂದ, ಬಟ್ಟೆಗೂ ಅದಕ್ಕೂ ಗಂಟಿಲ್ಲ. ಬ್ಯಾಡ್ಜು ಬಟ್ಟೆಗೇ ಚುಚ್ಚಿದ್ದು.

ಟಾಪ್ ಬದಲಾದರೂ ಟ್ಯಾಗಿನ ಉದ್ದ ಬದಲಾಗುವುದಿಲ್ಲ, ಕಾರ್ಡು ಮೊದಲಿದ್ದಲ್ಲೇ ನಿಲ್ಲುತ್ತದೆ. ಬದಲಾಗುವುದು ಮೇಲ್ಭಾಗ. ಹಿಂದೆ ಟ್ಯಾಗಿನ ಅಷ್ಟು ಭಾಗ ಕಾಲರ್ ಕೆಳಗೆ ಅಡಗಿತ್ತು. ಕಾಲರ್ ಹೋದ ಮೇಲೆ ಅದು ಬಯಲಾಗಬೇಕು. ಆ ಭಾಗ ಹಳೆಯ ಚಿತ್ರದಲ್ಲಿ ಇರಲೇ ಇಲ್ಲ, ನಾನೇ ಹೊಸದಾಗಿ ಬರೆಯಬೇಕಿತ್ತು. ಎರಡು ಪಟ್ಟಿಗಳನ್ನೂ ಅವುಗಳ ಓರೆಯಲ್ಲೇ ಮೇಲಕ್ಕೆ ಎಳೆದು, ಕೊರಳಿನ ಎರಡೂ ಬದಿಯಿಂದ ಕತ್ತಿನ ಹಿಂದಕ್ಕೆ ಮರೆಯಾಗುವಂತೆ ಬಾಗಿಸಿದೆ. ತೇಲುತ್ತಿದ್ದ ಕಾರ್ಡು ಆಗ ಕೊರಳಿಗೆ ಬಿತ್ತು.

ಬ್ಯಾಡ್ಜಿನ ಕಥೆ ಬೇರೆ. ಮೊದಲು ಜೇಬಿನ ಮೇಲೆ ಇತ್ತು, ಟಾಪಿಗೆ ಜೇಬೇ ಇಲ್ಲ. ಎತ್ತರ ಅದೇ ಇಟ್ಟುಕೊಂಡೆ. ಆದರೆ ಚಿನ್ನಿ ಎಡಗೈ ಎತ್ತಿ ಕರೆಯುತ್ತಿದ್ದಾಳೆ. ಕೈ ಎತ್ತಿದಾಗ ಆ ಬದಿಯ ಬಟ್ಟೆ ಮೇಲಕ್ಕೆ ಎಳೆದುಕೊಳ್ಳುತ್ತದೆ, ಬ್ಯಾಡ್ಜೂ ಅದರೊಡನೆ ತುಸು ಓರೆಯಾಗಬೇಕು. ಕಾರ್ಡು ಮಾತ್ರ ನೆಟ್ಟಗೆ ಕೆಳಕ್ಕೇ. ಎರಡನ್ನೂ ಒಂದೇ ನೇರಕ್ಕೆ ಬರೆದರೆ ಎರಡೂ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತವೆ. (ನಂಬಿಕೆ ಬರದಿದ್ದರೆ ನಿಮ್ಮ ಸಮವಸ್ತ್ರ ತೊಟ್ಟು, ಕನ್ನಡಿ ಮುಂದೆ ಕೈ ಎತ್ತಿ ನೋಡಿ.)

ಕೊನೆಗೆ ನೆರಿಗೆ, ನೆರಳು. ಹೊಸ ಟಾಪಿನ ನೆರಿಗೆ ಟ್ಯಾಗಿನ ಒಂದು ಬದಿಯಲ್ಲಿ ನಿಂತು, ಇನ್ನೊಂದು ಬದಿಯಲ್ಲಿ ಬೇರೆಲ್ಲೋ ಎದ್ದಿತ್ತು. ಸ್ಕೇಲ್ ಇಟ್ಟು ಎರಡನ್ನೂ ಒಂದೇ ಗೆರೆಗೆ ತಂದೆ. ಬ್ಯಾಡ್ಜಿನ ಪ್ಲಾಸ್ಟಿಕ್ ಮಡಚುವುದಿಲ್ಲ, ಅಲ್ಲಿ ನೆರಿಗೆ ಅದರ ಅಂಚಿಗೇ ನಿಲ್ಲಬೇಕು. ಹಳೆಯ ನೆರಳು ಅಂಗಿಯ ಜೊತೆ ಹೋಗಿತ್ತು. ಟ್ಯಾಗಿನ ಕೆಳಗೂ ಕಾರ್ಡಿನ ಕೆಳಗೂ ಬೆಳಕಿಗೆ ಎದುರು ಬದಿಯಲ್ಲಿ ತೆಳುವಾಗಿ ಸೀಸ ಉಜ್ಜಿದೆ.

ಚಿತ್ರವನ್ನು ಪಕ್ಕದ ಮನೆಯ ಎರಡನೇ ತರಗತಿಯ ಹುಡುಗನಿಗೆ ತೋರಿಸಿ, "ಇವಳು ಯಾರೋ?" ಎಂದು ಕೇಳಿದೆ. ಅವನು ಬ್ಯಾಡ್ಜಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, "ಚಿ...ನ್ನಿ" ಎಂದ.